ಪ್ರೊಫೈಲ್‌ಗೆ ಒಂದು ನಿಮಿಷದ ವೀಡಿಯೊ: ನಾನು ಮಾಡಿದ ರೀತಿ

ನಾನು ಆನ್‌ಲೈನ್‌ನಲ್ಲಿ ಐದರಿಂದ ಎಂಟನೇ ತರಗತಿಯ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಟ್ಯೂಷನ್ ತಾಣದಲ್ಲಿರುವ ನನ್ನ ಪ್ರೊಫೈಲ್ ತೆರೆದು ನೋಡುವವರು ಮಕ್ಕಳಲ್ಲ, ಅವರ ಅಪ್ಪ ಅಮ್ಮ. ನನ್ನ ಓದು, ಅನುಭವ, ಫೀಸು ಎಲ್ಲವೂ ಅಲ್ಲೇ ಬರಹದಲ್ಲಿ ಇರುತ್ತದೆ. ಬರಹದಲ್ಲಿ ಸಿಗದೇ ಇರೋದು ಒಂದೇ: ಈ ಮನುಷ್ಯ ನಮ್ಮ ಮಗುವಿನ ಹತ್ತಿರ ಹೇಗೆ ಮಾತಾಡುತ್ತಾನೆ? ವೀಡಿಯೊ ಇರಬೇಕಾದ್ದು ಈ ಪ್ರಶ್ನೆಗೆ ಉತ್ತರ ಕೊಡೋಕೆ. ಹಾಗಾಗಿ ಓದಿನ ಪಟ್ಟಿಯನ್ನು ವೀಡಿಯೊದಿಂದ ಪೂರ್ತಿ ಬಿಟ್ಟೆ. ಅದರ ಬದಲು ಪಾಠದ ಒಂದು ತುಣುಕನ್ನೇ ಇಟ್ಟೆ.

ಆ ತುಣುಕನ್ನು ಆರಿಸೋಕೇ ಹೆಚ್ಚು ಹೊತ್ತು ಹಿಡಿಯಿತು. ತಂದೆ ತಾಯಿ ನೋಡಿದ ಕೂಡಲೇ ‘ಹೌದು, ನಮ್ಮ ಮಗುನೂ ಹೀಗೇ ಮಾಡುತ್ತೆ’ ಅನ್ನಬೇಕು. ಇಪ್ಪತ್ತು ಸೆಕೆಂಡಿನಲ್ಲಿ ಮುಗಿಯಬೇಕು. ಬೀಜಗಣಿತ ತೆಗೆದುಕೊಂಡರೆ ಹಿನ್ನೆಲೆ ಹೇಳೋದರಲ್ಲೇ ಸಮಯ ಹೋಗುತ್ತದೆ. ಭಿನ್ನರಾಶಿ ಸರಿಹೋಯಿತು. 1/2 ಮತ್ತು 1/3 ಕೂಡಿಸಿ ಅಂದರೆ ಬಹಳ ಮಕ್ಕಳು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ 2/5 ಅಂತ ಬರೆಯುತ್ತಾರೆ. ಆ ಉತ್ತರದ ಒಳಗೇ ಒಂದು ಚಂದದ ವಿಷಯ ಅಡಗಿದೆ: 2/5 ಅನ್ನೋದು ಅರ್ಧಕ್ಕಿಂತ ಕಡಿಮೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಆಗೋದು ಹೇಗೆ?

ಇದನ್ನು ಇಟ್ಟುಕೊಂಡು ಬರೆದ ಸ್ಕ್ರಿಪ್ಟ್ ಹೀಗಿದೆ.

‘ನಿಮ್ಮ ಮಗು ಹೀಗೆ ಬರೆದಿದ್ದನ್ನು ನೋಡಿದ್ದೀರಾ? (ಹಾಳೆ ತೋರಿಸಬೇಕು.) ಅರ್ಧ, ಅದಕ್ಕೆ ಮೂರನೇ ಒಂದು ಭಾಗ ಕೂಡಿಸಿದರೆ ಐದನೇ ಎರಡು ಭಾಗ. ನಾನಿದಕ್ಕೆ ತಕ್ಷಣ ತಪ್ಪು ಅನ್ನೋದಿಲ್ಲ. ಮಗುವನ್ನು ಕೇಳುತ್ತೇನೆ: ಈ ಉತ್ತರ ಅರ್ಧಕ್ಕಿಂತ ಜಾಸ್ತಿನಾ, ಕಡಿಮೆನಾ? (ಸ್ವಲ್ಪ ನಿಲ್ಲಬೇಕು.) ಕಡಿಮೆ. ಕೂಡಿಸಿದ ಮೇಲೆ ಕಡಿಮೆ ಆಗಿದ್ದು ಹೇಗೆ? ಎಲ್ಲಿ ಎಡವಿದ್ದು ಅಂತ ಮಗುವೇ ಹುಡುಕೋಕೆ ಶುರು ಮಾಡುತ್ತದೆ. ನನ್ನ ತರಗತಿ ನಡೆಯೋದು ಹೀಗೆ. ಐದರಿಂದ ಎಂಟನೇ ತರಗತಿಯವರೆಗೆ ಗಣಿತ ಹೇಳಿಕೊಡುತ್ತೇನೆ. ಒಂದು ಸಲಕ್ಕೆ ಒಂದೇ ಮಗು. ಲೆಕ್ಕ ಬರೆಯೋದು ಮಗು, ನಾನಲ್ಲ. ನಿಮ್ಮ ಮಗು ಈಚೆಗೆ ಎಡವಿದ ಒಂದು ಲೆಕ್ಕದ ಫೋಟೊ ಕಳಿಸಿ. ಮೊದಲ ತರಗತಿಯನ್ನು ಅದರಿಂದಲೇ ಶುರು ಮಾಡೋಣ.’

ಗಮನಿಸಿ, ‘ನಮಸ್ಕಾರ, ನನ್ನ ಹೆಸರು’ ಅಂತ ಶುರುವಾಗಿಲ್ಲ. ಹೆಸರು ವೀಡಿಯೊದ ಪಕ್ಕದಲ್ಲೇ ಬರೆದಿರುತ್ತದೆ. ಮೊದಲ ಐದಾರು ಸೆಕೆಂಡಿನಲ್ಲಿ ನೋಡುವವರಿಗೆ ಅವರದೇ ಮನೆಯ ವಿಷಯ ಕಾಣದಿದ್ದರೆ ಮುಂದಿನ ಪ್ರೊಫೈಲ್‌ಗೆ ಹೋಗಿಬಿಡುತ್ತಾರೆ. ಕೊನೆಯ ಸಾಲೂ ಅಷ್ಟೇ ಮುಖ್ಯ. ‘ಸಂಪರ್ಕಿಸಿ’ ಅಂದರೆ ಅವರು ಏನು ಬರೆಯಬೇಕು ಅಂತ ಯೋಚಿಸಬೇಕು. ‘ಒಂದು ಲೆಕ್ಕದ ಫೋಟೊ ಕಳಿಸಿ’ ಅಂದರೆ ಯೋಚಿಸೋಕೆ ಏನೂ ಇಲ್ಲ. ಫೋನ್ ನಂಬರ್, ಇಮೇಲ್ ಮಾತ್ರ ಹೇಳಬೇಡಿ. ಬಹಳಷ್ಟು ತಾಣಗಳು ಅದಕ್ಕೆ ಒಪ್ಪುವುದಿಲ್ಲ, ವೀಡಿಯೊ ತೆಗೆದುಹಾಕುತ್ತವೆ. ಎಷ್ಟು ಉದ್ದ ಇರಬಹುದು, ಅಡ್ಡ ಇರಬೇಕಾ ಉದ್ದುದ್ದ ಇರಬೇಕಾ ಅನ್ನೋದನ್ನೂ ಚಿತ್ರೀಕರಣಕ್ಕೆ ಮೊದಲೇ ಅಲ್ಲಿ ಓದಿಕೊಳ್ಳಿ.

ಉದ್ದದ ವಿಷಯಕ್ಕೆ ಬಂದರೆ, ಒಂದು ನಿಮಿಷ ನನಗೆ ಸಾಕು. ನಾನು ನಿಧಾನವಾಗಿ, ಮಗುವಿನ ಜೊತೆ ಮಾತಾಡೋ ಹಾಗೆ ಮಾತಾಡಿದರೆ ನಿಮಿಷಕ್ಕೆ ಸುಮಾರು ನೂರು ಪದ ಆಗುತ್ತದೆ. ಇಂಗ್ಲಿಷ್‌ನ ಲೆಕ್ಕ ಇಲ್ಲಿ ಹಿಡಿಯಬೇಡಿ, ನಮ್ಮ ಪದಗಳು ಉದ್ದ. ನಿಮ್ಮ ವೇಗ ಗೊತ್ತಾಗಬೇಕಾದರೆ ಸ್ಕ್ರಿಪ್ಟನ್ನು ಮನಸ್ಸಿನಲ್ಲಿ ಓದದೆ ಬಾಯಿಬಿಟ್ಟು ಹೇಳಿ ಸಮಯ ನೋಡಿ. ಹೇಳುವಾಗ ನಾಲಿಗೆ ಎಲ್ಲಿ ತಡವರಿಸುತ್ತದೋ ಆ ವಾಕ್ಯ ಬರಹದ ವಾಕ್ಯ ಅಂತ ಅರ್ಥ, ಮಾತಿನದ್ದಲ್ಲ. ಅದನ್ನು ಎರಡಾಗಿ ಮುರಿದರೆ ಸರಿಹೋಗುತ್ತದೆ.

ಸ್ಕ್ರಿಪ್ಟನ್ನು ಬಾಯಿಪಾಠ ಮಾಡಿ ಒಂದೇ ಉಸಿರಿಗೆ ಹೇಳೋ ಅಗತ್ಯ ಇಲ್ಲ. ನಾನು ನಾಲ್ಕು ತುಂಡಾಗಿ ಚಿತ್ರೀಕರಿಸಿ ಜೋಡಿಸಿದೆ. ಪ್ರತಿ ತುಂಡಿನ ಮೊದಲೂ ಕೊನೆಗೂ ಒಂದು ಸೆಕೆಂಡ್ ಸುಮ್ನೆ ಕೂತಿದ್ದರೆ ಕತ್ತರಿಸೋದು ಸುಲಭ. ತುಂಡಿಗೆ ಎರಡು ಮೂರು ಪದ ಮಾತ್ರ ದಪ್ಪ ಅಕ್ಷರದಲ್ಲಿ ಬರೆದು ಲೆನ್ಸ್‌ನ ಕೆಳಗೇ ಅಂಟಿಸಿದ್ದೆ. ಪೂರ್ತಿ ವಾಕ್ಯ ಬರೆದಿಟ್ಟರೆ ಕಣ್ಣು ಎಡದಿಂದ ಬಲಕ್ಕೆ ಓಡೋದು ಎದ್ದು ಕಾಣುತ್ತದೆ.

ಬೆಳಕಿಗೆ ಏನನ್ನೂ ಕೊಳ್ಳಲಿಲ್ಲ. ಕಿಟಕಿ ನನ್ನ ಮುಂದೆ, ಸ್ವಲ್ಪ ಒಂದು ಪಕ್ಕಕ್ಕೆ ಇರುವ ಹಾಗೆ ಕೂತೆ. ಫೋನ್ ಕಿಟಕಿಗೂ ನನಗೂ ನಡುವೆ, ಕಣ್ಣಿನ ಮಟ್ಟಕ್ಕೆ. ಕಿಟಕಿ ಬೆನ್ನ ಹಿಂದೆ ಬಂದರೆ ಮುಖ ಕಪ್ಪಾಗುತ್ತದೆ. ನೇರ ಬಿಸಿಲು ಬಿದ್ದರೆ ಮೂಗು ಮತ್ತು ಕಣ್ಣಿನ ಕೆಳಗೆ ಗಾಢ ನೆರಳು ಬೀಳುತ್ತದೆ, ಆಗ ತೆಳ್ಳಗಿನ ಬಿಳಿ ಬಟ್ಟೆಯೊಂದನ್ನು ಕಿಟಕಿಗೆ ಇಳಿಬಿಟ್ಟರೆ ಬೆಳಕು ಮೆತ್ತಗಾಗುತ್ತದೆ. ಕೋಣೆಯ ಹಳದಿ ಬಲ್ಬ್ ಆರಿಸಿಬಿಡಿ. ಇಲ್ಲದಿದ್ದರೆ ಮುಖದ ಅರ್ಧ ಭಾಗ ನೀಲಿ, ಅರ್ಧ ಭಾಗ ಹಳದಿ ಕಾಣುತ್ತದೆ. ಕನ್ನಡಕ ಹಾಕುವವರು ಗಾಜಿನಲ್ಲಿ ಕಿಟಕಿ ಹೊಳೆಯುತ್ತಿದೆಯಾ ನೋಡಿಕೊಳ್ಳಬೇಕು. ಕೂತ ಜಾಗವನ್ನು ಸ್ವಲ್ಪ ತಿರುಗಿಸಿದರೆ ಹೊಳಪು ಹೋಗುತ್ತದೆ.

ಹಾಳೆ ತೋರಿಸುವವರಿಗೆ ಇನ್ನೊಂದು ತೊಂದರೆ ಇದೆ. ಬಿಳಿ ಹಾಳೆ ಮುಂದೆ ಬಂದ ತಕ್ಷಣ ಫೋನ್ ‘ಬೆಳಕು ಜಾಸ್ತಿ ಆಯ್ತು’ ಅಂದುಕೊಂಡು ಚಿತ್ರವನ್ನೆಲ್ಲ ಮಂಕು ಮಾಡುತ್ತದೆ. ಮುಖ ಕಪ್ಪಿಟ್ಟುಬಿಡುತ್ತದೆ, ಹಾಳೆ ಇಳಿಸಿದ ಮೇಲೆ ಮತ್ತೆ ಬೆಳಗುತ್ತದೆ. ಜೊತೆಗೆ ಫೋಕಸ್ ಹಾಳೆಗೂ ಮುಖಕ್ಕೂ ನಡುವೆ ಓಡಾಡುತ್ತದೆ. ಬಹಳಷ್ಟು ಫೋನ್‌ಗಳಲ್ಲಿ ಪರದೆಯ ಮೇಲೆ ಮುಖವನ್ನು ಬೆರಳಿನಿಂದ ಒತ್ತಿ ಹಿಡಿದರೆ ಫೋಕಸ್, ಬೆಳಕು ಎರಡೂ ಲಾಕ್ ಆಗುತ್ತವೆ. ಲಾಕ್ ಮಾಡಿ ಬೆಳಕನ್ನು ಒಂಚೂರು ಇಳಿಸಿದೆ. ಪೂರ್ತಿ ಬಿಳಿ ಹಾಳೆಯ ಬದಲು ತುಸು ಕಂದು ಬಣ್ಣದ ಹಾಳೆ ತೆಗೆದುಕೊಂಡು ದಪ್ಪ ಕಪ್ಪು ಮಾರ್ಕರ್‌ನಲ್ಲಿ ಬರೆದೆ. ಹಾಳೆಯನ್ನು ಕ್ಯಾಮೆರಾದ ಹತ್ತಿರ ಚಾಚದೆ ಕೆನ್ನೆಯ ಪಕ್ಕದಲ್ಲೇ ಹಿಡಿದೆ, ಆಗ ಎರಡೂ ಒಂದೇ ದೂರದಲ್ಲಿರುವುದರಿಂದ ಎರಡೂ ಸ್ಪಷ್ಟ. ಸೆಲ್ಫಿ ಕ್ಯಾಮೆರಾ ಬಳಸೋದಾದರೆ ಮೊದಲು ಒಂದು ಚಿಕ್ಕ ತುಣುಕು ತೆಗೆದು ಪರೀಕ್ಷಿಸಿ. ಕೆಲವು ಫೋನ್‌ಗಳಲ್ಲಿ ಅಂಕಿಗಳು ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವಾಗಿಯೇ ಉಳಿಯುತ್ತವೆ. ನಾನು ಹಿಂದಿನ ಕ್ಯಾಮೆರಾ ಬಳಸಿದೆ, ಚಿತ್ರವೂ ಚೆನ್ನಾಗಿ ಬರುತ್ತದೆ.

ಧ್ವನಿಗೆ ವೈರ್ ಇರುವ ಇಯರ್‌ಫೋನ್‌ನ ಮೈಕನ್ನು ಅಂಗಿಗೆ ಸಿಕ್ಕಿಸಿಕೊಂಡೆ, ಫ್ಯಾನ್ ಆರಿಸಿದೆ. ಅಷ್ಟೇ.

ಮುಗಿದ ಮೇಲೆ ವೀಡಿಯೊವನ್ನು ಎರಡು ಬಗೆಯಲ್ಲಿ ನೋಡಿದೆ. ಮೊದಲು ಶಬ್ದ ಇಲ್ಲದೆ, ಫೋನ್‌ನಲ್ಲಿ. ಎಷ್ಟೋ ಜನ ನೋಡೋದೇ ಹಾಗೆ ಅಲ್ವಾ? ಅದಕ್ಕೇ ಸಬ್‌ಟೈಟಲ್ ಹಾಕಿದೆ, ಹಾಳೆಯ ಮೇಲಿನ ಅಂಕಿಗಳು ಚಿಕ್ಕ ಪರದೆಯಲ್ಲೂ ಕಾಣುತ್ತವೆಯಾ ಅಂತ ನೋಡಿದೆ. ಆಮೇಲೆ ಪರದೆ ನೋಡದೆ, ಬರೀ ಕೇಳಿದೆ. ‘ಕಡಿಮೆನಾ?’ ಆದ ಮೇಲೆ ಬರುವ ನಿಲುಗಡೆಯನ್ನು ಸಂಕಲನದಲ್ಲಿ ಕತ್ತರಿಸಬೇಕು ಅನ್ನಿಸುತ್ತದೆ, ಕತ್ತರಿಸಬೇಡಿ. ಅಪ್ಪ ಅಮ್ಮ ತಾವೇ ಮನಸ್ಸಿನಲ್ಲಿ ಲೆಕ್ಕ ಹಾಕೋದು ಆ ಎರಡು ಸೆಕೆಂಡಿನಲ್ಲೇ.

ಫೀಸು, ಬಿಡುವಿನ ಸಮಯ, ಎಷ್ಟು ವರ್ಷದ ಅನುಭವ, ಇವು ಯಾವುದೂ ವೀಡಿಯೊದಲ್ಲಿ ಇಲ್ಲ. ಬರಹದಲ್ಲಾದರೆ ಯಾವಾಗ ಬೇಕಾದರೂ ಬದಲಿಸಬಹುದು. ಹೇಳಿಕೊಡುವ ತರಗತಿಗಳು ಬದಲಾದರೆ ಮಾತ್ರ ಮೂರನೇ ತುಂಡನ್ನು ಮತ್ತೆ ತೆಗೆದು ಜೋಡಿಸಬೇಕು. ಅದಕ್ಕೇ ಮೂಲ ತುಂಡುಗಳನ್ನೂ, ಕೂತ ಜಾಗದ ಒಂದು ಫೋಟೊವನ್ನೂ ಎತ್ತಿಟ್ಟಿದ್ದೇನೆ. ತೊಟ್ಟಿದ್ದ ಅಂಗಿ ಯಾವುದು ಅಂತಲೂ ಆ ಫೋಟೊದಲ್ಲೇ ಗೊತ್ತಾಗುತ್ತದೆ.