ಹಾಸಿಗೆಯ ಮೇಲಿನ ಹೊತ್ತನ್ನು ಕಡಿಮೆ ಮಾಡಿ ನಿದ್ದೆ ಸರಿಪಡಿಸಿಕೊಂಡ ನನ್ನ ಅನುಭವ

ಮೇಷ್ಟರ ಕೆಲಸದಿಂದ ನಿವೃತ್ತನಾದ ಮೇಲೆ, ಬೇರೆ ಕೆಲಸವಿಲ್ಲವೆಂದು ಊಟ ಮುಗಿಸಿ 9 ಗಂಟೆಗೇ ಮಲಗುವುದು ನನಗೆ ಅಭ್ಯಾಸವಾಯಿತು. ನಿದ್ದೆ ಹತ್ತಲು ಅರ್ಧ ಗಂಟೆ ಬೇಕಾಗುತ್ತಿತ್ತು. ನಡುರಾತ್ರಿ ಎಚ್ಚರವಾದರೆ ಎರಡು ಗಂಟೆ ಹೊರಳಾಟ. ವಯಸ್ಸಾದಂತೆ ಗಾಢ ನಿದ್ದೆ ಕಡಿಮೆಯಾಗುವುದು, ನಡುನಡುವೆ ಎಚ್ಚರವಾಗುವುದು, ಸಂಜೆಗೇ ತೂಕಡಿಕೆ ಬಂದು ಬೆಳಗಿನ ಜಾವ ಕಣ್ಣು ಬಿಡುವುದು ಸಹಜವೆಂದು ವೈದ್ಯರು ತಿಳಿಸಿದರು. ನನ್ನ ತೊಂದರೆ ಮಾತ್ರ ಅಷ್ಟಕ್ಕೇ ನಿಂತಿರಲಿಲ್ಲ; ಮರುದಿನವೆಲ್ಲ ಮಂಕು ಕವಿದಿರುತ್ತಿತ್ತು.

ಅವರ ಸಲಹೆಯಂತೆ ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಮಲಗಿದ, ಎದ್ದ ಮತ್ತು ನಡುವೆ ಎಚ್ಚರವಾಗಿದ್ದ ಹೊತ್ತನ್ನು ಅಂದಾಜಿನಿಂದ ಬೆಳಿಗ್ಗೆಯೇ ಬರೆದಿಟ್ಟೆ, ರಾತ್ರಿ ಗಡಿಯಾರ ನೋಡಲಿಲ್ಲ. ಲೆಕ್ಕ ಹಾಕಿದಾಗ ಹಾಸಿಗೆಯಲ್ಲಿ ಎಂಟೂವರೆ ಗಂಟೆ ಇದ್ದರೂ ನಿದ್ದೆ ಸುಮಾರು ಆರೇ ಗಂಟೆ ಎಂದು ಗೊತ್ತಾಯಿತು. ಹಾಗಾಗಿ ಏಳುವ ಹೊತ್ತನ್ನು 5.30ಕ್ಕೆ ಗಟ್ಟಿ ಮಾಡಿ, 11ಕ್ಕೆ ಮೊದಲು ಮಲಗದಿರಲು ನಿಶ್ಚಯಿಸಿದೆ. ಎಚ್ಚರವಾಗಿ ನಿದ್ದೆ ಬಾರದಿದ್ದರೆ ಹಜಾರದ ಕುರ್ಚಿಗೆ ಬಂದು, ಮಂದ ಬೆಳಕಿನಲ್ಲಿ ಕೂತಿದ್ದು, ತೂಕಡಿಕೆ ಬಂದ ಮೇಲಷ್ಟೇ ಹಾಸಿಗೆಗೆ ಮರಳುತ್ತಿದ್ದೆ. ಮಧ್ಯಾಹ್ನದ ನಿದ್ದೆಯನ್ನು 20 ನಿಮಿಷಕ್ಕೆ ಇಳಿಸಿದೆ.

ಮೊದಲ ವಾರ ನಿಜಕ್ಕೂ ಕಷ್ಟವಾಯಿತು. ರಾತ್ರಿ 8.30ಕ್ಕೇ ಕಣ್ಣು ಮುಚ್ಚಿಹೋಗುತ್ತಿದ್ದುದರಿಂದ ಅಂಗಳದಲ್ಲಿ ಅಡ್ಡಾಡುತ್ತಿದ್ದೆ, ಸ್ಕೂಟರ್ ಮುಟ್ಟಲಿಲ್ಲ. ಮೂರ್ಛೆರೋಗ ಇರುವವರು, ಆಗಾಗ ಬೀಳುವವರು ಇದನ್ನು ತಾವಾಗಿಯೇ ಮಾಡಬಾರದು. ಹಾಸಿಗೆಯಲ್ಲಿ ಕಳೆದ ಹೊತ್ತಿನ 85 ಶೇಕಡಕ್ಕಿಂತ ಹೆಚ್ಚು ಭಾಗ ನಿದ್ದೆಯಾಗತೊಡಗಿದಾಗ, ವಾರಕ್ಕೆ 15 ನಿಮಿಷದಂತೆ ಮಲಗುವ ಹೊತ್ತನ್ನು ಹಿಂದಕ್ಕೆ ತಂದೆ; ಈಗ 10.15ಕ್ಕೆ ಮಲಗುತ್ತೇನೆ.

ಆದರೂ ರಾತ್ರಿ ಮೂರು ಬಾರಿ ಮೂತ್ರಕ್ಕೆ ಏಳುವುದು ತಪ್ಪಿರಲಿಲ್ಲ. ನೋಟ್‌ಬುಕ್ ನೋಡಿದ ವೈದ್ಯರು ಮಾತ್ರೆಗಳ ಪಟ್ಟಿ ಕೇಳಿದರು: ಬಿಪಿಗೆ ರಾತ್ರಿ ನುಂಗುತ್ತಿದ್ದ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧವೂ ಇತ್ತು. ಅವರೇ ಅದನ್ನು ಬೆಳಿಗ್ಗೆಗೆ ಬದಲಿಸಿದ ಮೇಲೆ ಒಂದು ಬಾರಿ ಎದ್ದರೆ ಸಾಕಾಗುತ್ತಿದೆ. ನಿದ್ದೆ ಮಾತ್ರೆಯನ್ನು ಅಂಗಡಿಯಿಂದ ತಾವೇ ತರುವುದು ಸಲ್ಲದು. ನಮ್ಮ ವಯಸ್ಸಿನಲ್ಲಿ ಅದರಿಂದ ರಾತ್ರಿ ಎಡವಿ ಬೀಳುವ, ಗೊಂದಲಕ್ಕೊಳಗಾಗುವ ಅಪಾಯ ಹೆಚ್ಚು.

ಕೆಲವು ಲಕ್ಷಣಗಳಿದ್ದರೆ ನನ್ನ ಈ ಕ್ರಮವನ್ನು ನೆಚ್ಚದೆ ನೇರವಾಗಿ ವೈದ್ಯರನ್ನು ಕಾಣಬೇಕು. ಗೊರಕೆಯ ನಡುವೆ ಉಸಿರು ನಿಂತು ತಟ್ಟನೆ ಏದುಸಿರಿನಿಂದ ಶುರುವಾಗುವುದು, ಸಂಜೆಯಾದರೆ ಕಾಲುಗಳನ್ನು ಅಲುಗಾಡಿಸದೆ ಇರಲಾಗದಂಥ ಚಡಪಡಿಕೆ, ಕನಸಿನಲ್ಲಿ ಕೂಗಿ ಕೈಕಾಲು ಬೀಸುವುದು ಇಂಥವು. ಇವುಗಳಲ್ಲಿ ಮೊದಲನೆಯದೂ ಕೊನೆಯದೂ ಮಲಗಿದವರಿಗೆ ತಿಳಿಯುವುದೇ ಅಪರೂಪ; ಆದ್ದರಿಂದ ಪಕ್ಕದಲ್ಲಿ ಮಲಗುವವರನ್ನೂ ಜೊತೆಗೆ ಕರೆದೊಯ್ಯುವುದು ಒಳ್ಳೆಯದು.