GmbH ಆದಮೇಲೂ ಹೆಸರು ಮುಗಿದಿರಲಿಲ್ಲ

ಬೈಕಂಪಾಡಿಯ ಒಂದು ಗೇರುಬೀಜ ಕಾರ್ಖಾನೆಯಲ್ಲಿ ರಫ್ತಿನ ಕಾಗದಪತ್ರ ನೋಡುವುದು ನನ್ನ ಕೆಲಸ. ಸೇರಿದ ಹೊಸದರಲ್ಲಿ ಪಣಂಬೂರು ಬಂದರಿನಿಂದ ಒಂದು ಕಂಟೈನರ್ W320 ದರ್ಜೆಯ ಗೇರು ತಿರುಳು ಜರ್ಮನಿಗೆ ಹೊರಟಿತ್ತು. ಕಾಗದಪತ್ರ ಸರಿಯಿದ್ದರೆ ಹಣ ಕೊಡುತ್ತೇವೆ ಎಂದು ಖರೀದಿದಾರರ ಬ್ಯಾಂಕು ಬರೆದುಕೊಡುವ ಎಲ್‌ಸಿಯಲ್ಲಿ ಅವರ ಹೆಸರಿನ ಕೊನೆಗೆ GmbH & Co. KG ಎಂದಿತ್ತು. ನಮ್ಮ ಅಂಗಡಿ ಬೋರ್ಡುಗಳಲ್ಲಿ ‘ಅಂಡ್ ಕೋ’ ಅಂತ ಇರುತ್ತದಲ್ವಾ, ಇದೂ ಅಂಥದ್ದೇ ಅಂದುಕೊಂಡು ಇನ್‌ವಾಯ್ಸಿನಲ್ಲಿ ಬರೇ GmbH ಎಂದು ಹಾಕಿದೆ.

ಬ್ಯಾಂಕಿನವರು ಕಾಗದ ವಾಪಸ್ ಕೊಟ್ಟರು. ಎಲ್‌ಸಿಗಳಿಗೆ ಬ್ಯಾಂಕುಗಳು ಪಾಲಿಸುವ ಅಂತರರಾಷ್ಟ್ರೀಯ ನಿಯಮ ಯುಸಿಪಿ 600ರ 18ನೇ ವಿಧಿ ಪ್ರಕಾರ ಇನ್‌ವಾಯ್ಸ್ ಎಲ್‌ಸಿ ತೆರೆಸಿದವರ ಹೆಸರಿನಲ್ಲೇ ಇರಬೇಕು. “ನೀವು ಬರೆದದ್ದು ಬೇರೆಯೇ ಕಂಪನಿ ಮಾರಾಯ್ರೆ” ಎಂದರು ಅಲ್ಲಿನ ಅಧಿಕಾರಿ. ಕಾಗದ ಸಲ್ಲಿಸುವ ಅವಧಿ ಇನ್ನೂ ಎರಡು ದಿನ ಇತ್ತು, ಹಾಗಾಗಿ ತಿದ್ದಿ ಕೊಟ್ಟೆ.

ಬೇರೆ ಕಂಪನಿ ಹೇಗೆ ಎಂದು ಆಮೇಲೆ ಕೂತು ನೋಡಿದೆ. ಇಂಥ ಹೆಸರನ್ನು ಬಲಗಡೆಯಿಂದ ಓದಬೇಕು. ಕೊನೆಯ KG ಎಂದರೆ ಪಾಲುದಾರಿಕೆ. ಅದರಲ್ಲಿ ಕೆಲವರು ಹಾಕಿದ ದುಡ್ಡಿನಷ್ಟಕ್ಕೆ ಮಾತ್ರ ಹೊಣೆ. ಒಬ್ಬ ಪಾಲುದಾರನಾದರೂ ಇಡೀ ಸಾಲಕ್ಕೆ ಹೊಣೆಯಾಗಬೇಕು. ಆ ಜಾಗದಲ್ಲಿ ಮನುಷ್ಯರ ಬದಲು ಒಂದು GmbH, ಅಂದರೆ ನಮ್ಮ ಪ್ರೈವೇಟ್ ಲಿಮಿಟೆಡ್‌ನಂಥ ಕಂಪನಿಯನ್ನು ಕೂರಿಸಿದರೆ GmbH & Co. KG ಆಗುತ್ತದೆ. ಹಾಗಾಗಿ ಕಾಗದದ ಮೇಲೆ ಎರಡು ಸಂಸ್ಥೆ. ಮಾಲು ಕೊಳ್ಳುವುದು KG, ಅದರ ಪರವಾಗಿ ಸಹಿ ಹಾಕುವುದು ಒಳಗಿನ GmbHಯ ನಿರ್ದೇಶಕ.

ಇದನ್ನು ಖಚಿತ ಮಾಡಿಕೊಳ್ಳಲು ಜಾಸ್ತಿ ಹುಡುಕಬೇಕಿಲ್ಲ. ಜರ್ಮನಿಯ ಕಂಪನಿಗಳು ತಮ್ಮ ವ್ಯವಹಾರದ ಪತ್ರದಲ್ಲಿ ನೋಂದಣಿಯ ವಿವರ ಕೊಡಲೇಬೇಕು. ನಾನು ಇಮೇಲಿನ ಅಡಿಯ ಸಣ್ಣ ಅಕ್ಷರ ಓದುತ್ತೇನೆ. ಅಲ್ಲಿ Amtsgericht ಎಂದು ನೋಂದಣಿ ಕೋರ್ಟಿನ ಹೆಸರು, ಪಕ್ಕದಲ್ಲಿ HRA ಅಥವಾ HRB ನಂಬರ್ ಇರುತ್ತದೆ. HRA ಪಾಲುದಾರಿಕೆಗಳ ಮತ್ತು ಒಂಟಿ ವ್ಯಾಪಾರಿಗಳ ಪುಸ್ತಕ. HRBಯಲ್ಲಿ GmbHಯಂಥ ಕಂಪನಿಗಳು. ನಮ್ಮ ಖರೀದಿದಾರರ ಇಮೇಲಿನಲ್ಲಿ ಎರಡೂ ನಂಬರ್ ಇದ್ದವು, KGಗೆ ಒಂದು, GmbHಗೆ ಒಂದು. ಅವನ್ನು ಜರ್ಮನಿಯ ಕಂಪನಿ ನೋಂದಣಿಯ ತಾಣ handelsregister.deಯಲ್ಲಿ ಹಾಕಿ ನೋಡಿದೆ. 2022ರ ಆಗಸ್ಟ್‌ನಿಂದ ಅಲ್ಲಿ ದಾಖಲೆ ತೆಗೆಯಲು ಶುಲ್ಕವಿಲ್ಲ.

ದೇಶದ ವಿಷಯದಲ್ಲಿ ಮಾತ್ರ ಹೆಸರಿನ ಬಾಲವನ್ನೇ ನಂಬಬಾರದು. GmbH ಆಸ್ಟ್ರಿಯಾದಲ್ಲೂ ಸ್ವಿಟ್ಜರ್ಲೆಂಡಿನಲ್ಲೂ ಇದೆ. ಆಗ ವ್ಯಾಟ್ ತೆರಿಗೆಯ ನಂಬರ್ ನೋಡುತ್ತೇನೆ. DE ಆದಮೇಲೆ ಒಂಬತ್ತು ಅಂಕಿ ಇದ್ದರೆ ಜರ್ಮನಿ, ATU ಆದಮೇಲೆ ಎಂಟು ಇದ್ದರೆ ಆಸ್ಟ್ರಿಯಾ.

ಖರೀದಿದಾರರ ಕೈಯಲ್ಲಿ ಎಷ್ಟು ದುಡ್ಡಿದೆ ಎಂಬುದೂ ಬಾಲದಿಂದ ಗೊತ್ತಾಗುವುದಿಲ್ಲ. ಜರ್ಮನಿಯ GmbHಗೆ ಕನಿಷ್ಠ ಬಂಡವಾಳ 25,000 ಯೂರೋ. ಒಂದು ಕಂಟೈನರ್ ತಿರುಳಿನ ಬೆಲೆ ಅದಕ್ಕಿಂತ ಎಷ್ಟೋ ಜಾಸ್ತಿ. ಹಾಗಾಗಿ ಹೊಸ ಪಾರ್ಟಿ ಎಷ್ಟೇ ದೊಡ್ಡ ಹೆಸರಿನದಾದರೂ ಎಲ್‌ಸಿ ಇಲ್ಲದೆ ಮಾಲು ಬಿಡಬೇಡಿ ಎಂದು ಧನಿಗಳಿಗೆ ಈಗಲೂ ಹೇಳುತ್ತೇನೆ.