ಲೋಗೋದಲ್ಲೇ ನಿಂತ ಲ್ಯಾಪ್‌ಟಾಪ್: ಅರ್ಧಕ್ಕೆ ಕಡಿದ ಬಯೋಸ್ ಅಪ್‌ಡೇಟನ್ನು ನಾನು ಸರಿ ಮಾಡಿದ್ದು ಹೀಗೆ

ಜುಲೈ ಮಳೆ ಜೋರಾಗಿದ್ದ ಒಂದು ಬುಧವಾರ. ಸಿದ್ದಾಪುರ ಕಡೆಯ ಒಂದು ಕಾಫಿ ತೋಟದ ರೈಟ್ರು ಲ್ಯಾಪ್‌ಟಾಪನ್ನು ಗೊಬ್ಬರದ ಚೀಲದಲ್ಲಿ ಸುತ್ತಿಕೊಂಡು ವಿರಾಜಪೇಟೆಯ ನನ್ನ ಅಂಗಡಿಗೆ ಬಂದರು. ಮೇಜಿನ ಮೇಲೆ ಇಟ್ಟವರೇ "ಶನಿವಾರ ಬಟವಾಡೆ ಮಾರಾಯ, ಲೈನ್‌ಮನೆಯವರ ಹಾಜರಿ ಎಲ್ಲ ಇದರಲ್ಲೇ ಇದೆ" ಅಂದರು. ಆನ್ ಮಾಡಿದೆ. ಕಂಪನಿಯ ಲೋಗೋ ಬಂತು, ಅಲ್ಲೇ ನಿಂತಿತು. ಕೆಳಗೆ ಸುತ್ತುವ ಚುಕ್ಕಿಗಳೂ ಇಲ್ಲ.

ಆಗಿದ್ದು ಏನು ಅಂತ ಕೇಳಿದೆ. ಹಿಂದಿನ ರಾತ್ರಿ ಆಫ್ ಮಾಡುವಾಗ ಅಪ್‌ಡೇಟ್ ಇದೆ ಅಂತ ತೋರಿಸಿದೆ, ಇವರು ಒಪ್ಪಿದ್ದಾರೆ. ಕಪ್ಪು ಪರದೆಯಲ್ಲಿ ಬಯೋಸ್ ಅಪ್‌ಡೇಟ್ ಆಗ್ತಿದೆ, ಆಫ್ ಮಾಡಬೇಡಿ ಅನ್ನುವ ಗೆರೆ ಓಡ್ತಾ ಇತ್ತು. ಅಷ್ಟರಲ್ಲಿ ಎಲ್ಲೋ ಮರ ಲೈನಿನ ಮೇಲೆ ಬಿದ್ದು ಕರೆಂಟ್ ಹೋಯಿತು. ಬ್ಯಾಟರಿ 58 ಪರ್ಸೆಂಟ್ ಇತ್ತಂತೆ, ಆದರೂ ಕ್ಷಣದಲ್ಲಿ ಪರದೆ ಆರಿಹೋಯಿತು. ಅಪ್‌ಡೇಟ್ ಶುರುವಾಗುವ ಮೊದಲು ಚಾರ್ಜರ್ ಇದೆಯಾ, ಬ್ಯಾಟರಿ ಎಷ್ಟಿದೆ ಅಂತ ಪರೀಕ್ಷೆ ಮಾಡುತ್ತದೆ ನಿಜ, ಆದರೆ ಅದು ನೋಡುವುದು ಬ್ಯಾಟರಿ ಹೇಳುವ ಸಂಖ್ಯೆಯನ್ನು ಮಾತ್ರ. ಐದಾರು ವರ್ಷ ಹಳೆಯ ಬ್ಯಾಟರಿ 58 ಅಂತ ತೋರಿಸುತ್ತಲೇ ಇದ್ದು, ಪೂರ್ತಿ ಭಾರ ತನ್ನ ಮೇಲೆ ಬಿದ್ದ ತಕ್ಷಣ ಕುಸಿದು ಬೀಳುತ್ತದೆ.

ಲೋಗೋ ಬರುತ್ತದೆ ಅನ್ನುವುದೇ ಇಲ್ಲಿ ದೊಡ್ಡ ಸಮಾಧಾನ. ಆ ಚಿತ್ರವನ್ನು ಪರದೆಗೆ ತರುವುದು ವಿಂಡೋಸ್ ಅಲ್ಲ, ಅದಕ್ಕೂ ಮೊದಲು ಓಡಿ ಮಷೀನನ್ನು ಎಬ್ಬಿಸುವ ಬಯೋಸ್. ಅಂದರೆ ಪ್ರೊಸೆಸರ್, ರ‍್ಯಾಮ್, ಪರದೆ ಎಲ್ಲ ಎದ್ದಿವೆ, ಬಯೋಸಿನ ಮೊದಲ ಭಾಗವೂ ಸರಿಯಾಗಿ ಓಡಿದೆ, ಆಮೇಲೆ ಎಲ್ಲೋ ಎಡವಿದೆ. ಫ್ಯಾನ್ ಮಾತ್ರ ತಿರುಗಿ ಪರದೆ ಪೂರ್ತಿ ಕಪ್ಪಾಗಿದ್ದರೆ ಅದು ಬೇರೆ ಕಥೆ, ಅದು ಜಾಸ್ತಿ ಕಷ್ಟ. ಈ ಮಷೀನಿನಲ್ಲಿ Caps Lock ಒತ್ತಿದರೆ ದೀಪ ಹತ್ತುತ್ತಿರಲಿಲ್ಲ, F2 ಒತ್ತಿದರೂ ಸೆಟಪ್ ಬರಲಿಲ್ಲ. ಲೋಗೋ ತೋರಿಸಿದ ಮೇಲೆ ಪೂರ್ತಿ ಸ್ತಬ್ಧ.

ಮೊದಲು ಚಾರ್ಜರ್ ಹಾಕಿ, ಅಂಗಡಿಯ ಯುಪಿಎಸ್‌ಗೆ ಜೋಡಿಸಿ, ಅರ್ಧ ಗಂಟೆ ಸುಮ್ನೆ ಬಿಟ್ಟೆ. ಕೆಲವು ಮಷೀನುಗಳು ತಮ್ಮಷ್ಟಕ್ಕೆ ತಾವೇ ಹಳೆಯ ಪ್ರತಿಯಿಂದ ಚೇತರಿಸಿಕೊಳ್ಳುತ್ತವೆ, ಆ ಹೊತ್ತಲ್ಲಿ ನಾವು ಬಟನ್ ಒತ್ತಿ ಆಫ್ ಮಾಡಿದರೆ ಎರಡನೇ ಸಲ ಕೆಡಿಸಿದಂತೆ. ಇದು ಚೇತರಿಸಿಕೊಳ್ಳಲಿಲ್ಲ.

ಆಮೇಲೆ ಹಿಂದಿನ ಮುಚ್ಚಳ ತೆಗೆದು ಎಸ್‌ಎಸ್‌ಡಿ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದೆ. ಬಯೋಸ್ ಇರುವುದು ಬೋರ್ಡಿನ ಮೇಲಿನ ಬೇರೆಯದೇ ಚಿಪ್ಪಿನಲ್ಲಿ, ಡಿಸ್ಕಿನಲ್ಲಿರುವ ಲೆಕ್ಕಕ್ಕೆ ಏನೂ ಆಗಿರುವುದಿಲ್ಲ. ಆದರೆ ಡಿಸ್ಕ್ ಬಿಟ್‌ಲಾಕರ್ ಬೀಗ ಹಾಕಿಕೊಂಡಿತ್ತು, 48 ಅಂಕಿಯ ರಿಕವರಿ ಕೀ ಕೇಳಿತು. ಈ ಬೀಗ ಹಾಕಿದ್ದೇ ರೈಟ್ರಿಗೆ ಗೊತ್ತಿರಲಿಲ್ಲ. ಹೊಸ ವಿಂಡೋಸ್ ಎಷ್ಟೋ ಸಲ ತಾನೇ ಹಾಕಿಕೊಂಡಿರುತ್ತದೆ. ಅವರ ಮಗಳು ಮೈಸೂರಿನಿಂದ ಫೋನಿನಲ್ಲೇ ಅಪ್ಪನ ಮೈಕ್ರೋಸಾಫ್ಟ್ ಖಾತೆಗೆ ಹೋಗಿ, aka.ms/myrecoverykey ಪುಟದಿಂದ ಕೀ ಓದಿ ಹೇಳಿದಳು. ಹಾಜರಿ ಪಟ್ಟಿ ಪೆನ್‌ಡ್ರೈವಿಗೆ ಬಂತು. ರೈಟ್ರು ಅದನ್ನು ಜೇಬಿಗೆ ಹಾಕಿಕೊಂಡು "ಇನ್ನು ನಿಧಾನಕ್ಕೆ ಮಾಡು" ಅಂತ ಹೇಳಿ ಬಸ್ಸಿಗೆ ಹೋದರು.

ಸುಲಭದ ದಾರಿಗಳನ್ನು ಮೊದಲು ನೋಡಿದೆ. ಚಾರ್ಜರ್, ದೊಡ್ಡ ಬ್ಯಾಟರಿ, ನಾಣ್ಯದಂಥ ಸಣ್ಣ ಸೆಲ್ ಮೂರನ್ನೂ ಬಿಚ್ಚಿ, ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿದು, ಹತ್ತು ನಿಮಿಷ ಬಿಟ್ಟು ಮತ್ತೆ ಜೋಡಿಸಿದೆ. ಏನೂ ಬದಲಾಗಲಿಲ್ಲ. ಸೆಟ್ಟಿಂಗ್ ಗೋಜಲಾಗಿ ನಿಂತಿದ್ದರೆ ಇದು ಕೆಲಸ ಮಾಡುತ್ತದೆ. ಬಯೋಸ್ ಕೋಡೇ ಅರ್ಧ ಇದ್ದರೆ ಸೆಲ್ ಬಿಚ್ಚಿ ಏನು ಪ್ರಯೋಜನ, ಆ ಚಿಪ್ಪಿಗೆ ನೆನಪಿಟ್ಟುಕೊಳ್ಳಲು ಕರೆಂಟೇ ಬೇಡ ಅಲ್ವಾ?

ಮುಂದಿನದು ಪೆನ್‌ಡ್ರೈವ್ ರಿಕವರಿ. ಬಯೋಸಿನ ಮೊದಲ ತುಂಡು ಅಪ್‌ಡೇಟಿನಲ್ಲೂ ಸಾಮಾನ್ಯವಾಗಿ ಉಳಿದಿರುತ್ತದೆ, ಅದಕ್ಕೆ ಪೆನ್‌ಡ್ರೈವಿನಿಂದ ಫೈಲ್ ಓದಿ ಉಳಿದದ್ದನ್ನು ಬರೆಯುವಷ್ಟು ಶಕ್ತಿ ಇರುತ್ತದೆ. ಕಂಪನಿಯಿಂದ ಕಂಪನಿಗೆ ಕೀ ಬೇರೆ. ಕೆಲವದರಲ್ಲಿ Windows ಮತ್ತು B ಒಟ್ಟಿಗೆ ಹಿಡಿದು ಪವರ್ ಒತ್ತಬೇಕು, ಕೆಲವದರಲ್ಲಿ Ctrl ಮತ್ತು Esc ಹಿಡಿದುಕೊಂಡು ಚಾರ್ಜರ್ ಚುಚ್ಚಬೇಕು. ಪೆನ್‌ಡ್ರೈವ್ FAT32 ಇರಬೇಕು, ಸಣ್ಣದಿದ್ದಷ್ಟೂ ಒಳ್ಳೆಯದು, ಫೈಲಿನ ಹೆಸರು ಕಂಪನಿ ಹೇಳಿದ ಹಾಗೆ ಅಕ್ಷರಕ್ಕೆ ಅಕ್ಷರ ಇರಬೇಕು. ದೀಪ ಇರುವ ಪೆನ್‌ಡ್ರೈವನ್ನೇ ನಾನು ಬಳಸುತ್ತೇನೆ, ಯಾಕೆಂದರೆ ಪರದೆಯಲ್ಲಿ ಏನೂ ಕಾಣದಿದ್ದರೂ ದೀಪ ಮಿಣುಕಿದರೆ ಮಷೀನ್ ಫೈಲ್ ಓದುತ್ತಿದೆ ಅಂತ ತಿಳಿಯುತ್ತದೆ, ಆಗ ಕೈ ಹಾಕದೆ ಕಾಯಬಹುದು. 8 ಜಿಬಿಯದ್ದನ್ನು ಎಲ್ಲ ಪೋರ್ಟಿನಲ್ಲೂ ಹಾಕಿ ನೋಡಿದೆ. ಒಮ್ಮೆಯೂ ಮಿಣುಕಲಿಲ್ಲ. ಇಲ್ಲೇ ಸರಿಹೋಗುವ ಮಷೀನುಗಳೇ ಜಾಸ್ತಿ, ಹಾಗಾಗಿ ಇದನ್ನು ಬಿಟ್ಟು ಮುಂದೆ ಹೋಗಬಾರದು. ಡೆಸ್ಕ್‌ಟಾಪ್ ಬೋರ್ಡಾದರೆ ಹಿಂದೆ ಫ್ಲ್ಯಾಶ್‌ಬ್ಯಾಕ್ ಬಟನ್ ಇದೆಯಾ ನೋಡಿ, ಇದ್ದರೆ ಕೆಲಸ ಇನ್ನೂ ಸುಲಭ.

ಉಳಿದಿದ್ದು ಚಿಪ್ಪಿಗೇ ನೇರವಾಗಿ ಬರೆಯುವುದು. ಬೋರ್ಡಿನಲ್ಲಿ ಎಂಟು ಕಾಲಿನ ಸಣ್ಣ ಚಿಪ್, ಭೂತಗನ್ನಡಿಯಲ್ಲಿ ನೋಡಿದರೆ 25Q128FVSQ ಅಂತ ಇತ್ತು. 128 ಮೆಗಾಬಿಟ್, ಅಂದರೆ 16 ಎಂಬಿ, 3.3 ವೋಲ್ಟ್. ಅದೇ ಜಾತಿಯಲ್ಲಿ FW ಅಂತ ಇದ್ದರೆ ಅದು 1.8 ವೋಲ್ಟಿನದು, ಅದಕ್ಕೆ ನಡುವೆ ಅಡಾಪ್ಟರ್ ಬೇಕೇ ಬೇಕು, ಇಲ್ಲದಿದ್ದರೆ ಚಿಪ್ ಸುಟ್ಟೇ ಹೋದೀತು. ನನ್ನ ಹತ್ತಿರ ಇರುವುದು ಇಂಥ ಚಿಪ್ಪನ್ನು ಹೊರಗಿನಿಂದ ಓದಿ ಬರೆಯುವ CH341A ಪ್ರೋಗ್ರಾಮರ್. ಇದರ ಕಪ್ಪು ಬೋರ್ಡಿನ ಮಾದರಿ ಡೇಟಾ ಕಾಲುಗಳಿಗೆ 5 ವೋಲ್ಟ್ ಕೊಡುತ್ತದೆ, ಹಾಗಾಗಿ ಮಲ್ಟಿಮೀಟರ್ ಇಟ್ಟು ನೋಡದೆ ಯಾರ ಬೋರ್ಡಿಗೂ ಹಾಕಬೇಡಿ. ನನ್ನದನ್ನು 3.3ಕ್ಕೆ ಮೊದಲೇ ಸರಿ ಮಾಡಿಟ್ಟಿದ್ದೇನೆ. ಅದರ ವೈರುಗಳನ್ನು ಚಿಪ್ಪಿನ ಕಾಲುಗಳಿಗೆ ಕಚ್ಚಿಸುವ ಕ್ಲಿಪ್ ಹಾಕುವಾಗ ಚಾರ್ಜರ್, ಬ್ಯಾಟರಿ, ಸೆಲ್ ಯಾವುದೂ ಇರಬಾರದು. ಕೆಂಪು ವೈರಿನ ಬದಿ ಚಿಪ್ಪಿನ ಚುಕ್ಕಿಯ ಕಡೆ ಬರಬೇಕು.

ಚಿಪ್ಪನ್ನು ಓದಲು flashrom ಪ್ರೋಗ್ರಾಮ್ ಓಡಿಸಿದೆ, ಮೊದಲ ಸಲ `No EEPROM/flash device found.` ಅಂತ ಬಂತು. ಕಾಲುಗಳ ಮೇಲೆ ತೆಳ್ಳಗೆ ಬಿಳಿ ಪೊರೆ ಕಟ್ಟಿತ್ತು. ನಮ್ಮಲ್ಲಿ ಮಳೆಗಾಲದಲ್ಲಿ ಬೀರುವಿನೊಳಗಿನ ಚಪ್ಪಲಿಗೇ ಬೂಸ್ಟು ಬರುತ್ತದೆ, ಬೋರ್ಡ್ ಹೇಗೆ ತಪ್ಪಿಸಿಕೊಂಡೀತು. ಐಸೊಪ್ರೊಪೈಲ್ ಹಾಕಿ ಹಲ್ಲುಜ್ಜುವ ಬ್ರಷ್ಷಿನಿಂದ ನಿಧಾನಕ್ಕೆ ಉಜ್ಜಿ ಒಣಗಿಸಿ ಮತ್ತೆ ಕಚ್ಚಿಸಿದೆ. ಈಗ ಚಿಪ್ ಸಿಕ್ಕಿತು. ಎರಡು ಸಲ ಓದಿ ಹೋಲಿಸಿದೆ:

```
flashrom -p ch341a_spi -r a.bin
flashrom -p ch341a_spi -r b.bin
sha256sum a.bin b.bin
```

ಎರಡೂ ಒಂದೇ ಬಂದರೆ ಮಾತ್ರ ಮುಂದೆ. ಬೇರೆ ಬೇರೆ ಬಂದರೆ ಕ್ಲಿಪ್ ಸರಿಯಾಗಿ ಕೂತಿಲ್ಲ ಅಂತ, ಆ ಸ್ಥಿತಿಯಲ್ಲಿ ಬರೆದರೆ ಚಿಪ್ಪಿಗೆ ಕಸ ಬರೆದಂತೆ. ಈ a.bin ಕೆಟ್ಟ ಫೈಲೇ ಆದರೂ ಬಹಳ ಬೆಲೆಯುಳ್ಳದ್ದು. ಆ ಮಷೀನಿನ ಸೀರಿಯಲ್ ನಂಬರ್, ವಿಂಡೋಸ್ ಕೀ, ಎಷ್ಟೋ ಮಷೀನಿನಲ್ಲಿ ನೆಟ್‌ವರ್ಕಿನ ಮ್ಯಾಕ್ ವಿಳಾಸ ಎಲ್ಲ ಅದರೊಳಗೇ ಇರುತ್ತದೆ. ಎಲ್ಲಿಂದಲೋ ಇಳಿಸಿದ ಇನ್ನೊಬ್ಬರ ಬಯೋಸ್ ಫೈಲನ್ನು ಹಾಗೇ ಬರೆದರೆ ಮಷೀನ್ ಎದ್ದೇಳಬಹುದು, ಆದರೆ ಅದು ಬೇರೆಯವರ ಮಷೀನಿನ ಗುರುತು ಹೊತ್ತುಕೊಂಡಿರುತ್ತದೆ. ಇದನ್ನು ನಾನು ಯಾರಿಗೂ ಮಾಡಿಕೊಡುವುದಿಲ್ಲ.

ಕಂಪನಿಯ ಅಪ್‌ಡೇಟ್ ಫೈಲನ್ನೂ ಹಾಗೇ ಬರೆಯಲು ಆಗುವುದಿಲ್ಲ. ಅದರ ಮುಂದೆ ಅಪ್‌ಡೇಟ್ ಪ್ರೋಗ್ರಾಮಿಗೆ ಬೇಕಾದ ತಲೆಬರಹ ಇರುತ್ತದೆ, ಚಿಪ್ಪಿನ ಅಳತೆಗೂ ಹೊಂದುವುದಿಲ್ಲ. UEFITool ನಲ್ಲಿ ತೆರೆದು ಒಳಗಿನ ಬಯೋಸ್ ಭಾಗವನ್ನು ಮಾತ್ರ bios.bin ಅಂತ ತೆಗೆದೆ, ಸರಿಯಾಗಿ 10 ಎಂಬಿ. a.bin ಅನ್ನೂ ತೆರೆದೆ. ಅದರಲ್ಲಿ ಮೊದಲ 6 ಎಂಬಿ ಇಂಟೆಲಿನ ಭಾಗ, ಉಳಿದ 10 ಬಯೋಸ್. ಎರಡನ್ನೂ ಹೆಕ್ಸ್ ಎಡಿಟರಿನಲ್ಲಿ ಅಕ್ಕಪಕ್ಕ ಇಟ್ಟು ಕೆಳಗೆ ಸರಿಸುತ್ತಾ ಹೋದೆ. ಮಷೀನಿನ ಗುರುತು ಇರುವ ಶುರುವಿನ ಭಾಗ ಬಿಟ್ಟರೆ ಒಂದು ಜಾಗದವರೆಗೆ ಎರಡೂ ಒಂದೇ, ಹೊಸ ಆವೃತ್ತಿ. ಆಮೇಲೆ 64 ಕೆಬಿ ಉದ್ದಕ್ಕೆ ಬರೀ FF FF FF. ಅದರ ನಂತರ ಹಳೆಯ ಆವೃತ್ತಿ. ಚಿಪ್ಪಿಗೆ ಬರೆಯುವಾಗ ಮೊದಲು ಒಂದು ತುಂಡು ಅಳಿಸಿ ಆಮೇಲೆ ಅಲ್ಲಿ ಬರೆಯಬೇಕು. ಅಳಿಸಿ ಆಗಿತ್ತು, ಬರೆಯುವ ಮೊದಲು ಕರೆಂಟ್ ಹೋಯಿತು. ಆ ರಾತ್ರಿ ಮರ ಬಿದ್ದ ಕ್ಷಣ ಅಲ್ಲೇ ಕಣ್ಣೆದುರಿಗೆ ಇತ್ತು.

ಲ್ಯಾಪ್‌ಟಾಪಿನ ಅಡಿಯ ಸ್ಟಿಕ್ಕರಿನಲ್ಲಿದ್ದ ಸೀರಿಯಲ್ ನಂಬರನ್ನು a.bin ನಲ್ಲಿ ಹುಡುಕಿದೆ. ಬಯೋಸ್ ಭಾಗದ ಮೊದಲ 512 ಕೆಬಿಯೊಳಗೆ ಸಿಕ್ಕಿತು. ಹಾಗಾಗಿ ಅಷ್ಟನ್ನು ಮುಟ್ಟದೆ, ಉಳಿದ ಕೋಡನ್ನು ಮಾತ್ರ ಹೊಸದರಿಂದ ತುಂಬಿಸಿದೆ:

```
cp a.bin fixed.bin
dd if=bios.bin of=fixed.bin bs=64K skip=8 seek=104 conv=notrunc
flashrom -p ch341a_spi -w fixed.bin
```

64 ಕೆಬಿಯ ಎಂಟು ತುಂಡು ಅಂದರೆ 512 ಕೆಬಿ, ಅದನ್ನು ದಾಟಿ ಓದುತ್ತದೆ. 104 ತುಂಡು ಅಂದರೆ ಆರೂವರೆ ಎಂಬಿ, ಅಲ್ಲಿಂದ ಬರೆಯುತ್ತದೆ. ಈ ಸಂಖ್ಯೆಗಳು ಆ ಒಂದು ಮಷೀನಿಗೆ ಮಾತ್ರ, ನಿಮ್ಮದರಲ್ಲಿ ನೀವೇ ಅಳೆಯಬೇಕು. ಕೋಡಿನ ಒಳಗೆ ಏನನ್ನೂ ತಿದ್ದಲಿಲ್ಲ. ಆನ್ ಆಗುವಾಗ ಬಯೋಸಿನ ಸಹಿ ಪರೀಕ್ಷಿಸುವ ಬೂಟ್ ಗಾರ್ಡ್ ಚಾಲೂ ಇರುವ ಮಷೀನಿನಲ್ಲಿ ಕಂಪನಿಯ ಸಹಿ ಇರುವ ಕೋಡನ್ನು ತಿದ್ದಿದರೆ ಅದು ಎದ್ದೇಳುವುದೇ ಇಲ್ಲ. ಇನ್ನು ಕೆಲವು ಬೋರ್ಡುಗಳಲ್ಲಿ ಚಿಪ್ಪಿಗೆ ಹೊರಗೆ ಕಾಲೇ ಇರುವುದಿಲ್ಲ, ಕ್ಲಿಪ್ ಹಿಡಿಯುವುದಿಲ್ಲ, ಅಂಥದ್ದನ್ನು ಬಿಸಿ ಗಾಳಿಯಲ್ಲಿ ಬಿಚ್ಚುವವರ ಹತ್ತಿರವೇ ಕೊಡಬೇಕು.

ಕೆಲವು ನಿಮಿಷ ಕಾದ ಮೇಲೆ `Verifying flash... VERIFIED.` ಬಂತು. ಕ್ಲಿಪ್ ತೆಗೆದು ಎಲ್ಲ ಜೋಡಿಸಿ ಬಟನ್ ಒತ್ತಿದೆ. ಪರದೆ ಕಪ್ಪು. ಒಂದು ನಿಮಿಷ ದಾಟಿತು, ತಾನೇ ಆಫ್ ಆಗಿ ಮತ್ತೆ ಆನ್ ಆಯಿತು. ಬಯೋಸ್ ಬದಲಾದ ಮೇಲಿನ ಮೊದಲ ಸಲ ರ‍್ಯಾಮನ್ನು ಹೊಸದಾಗಿ ಅಳೆದುಕೊಳ್ಳಲು ಇಷ್ಟು ಹೊತ್ತು ಹಿಡಿಯುತ್ತದೆ. ಅದು ಗೊತ್ತಿದ್ದೂ ಆ ಒಂದು ನಿಮಿಷ ನನಗೆ ಪ್ರತಿ ಸಲವೂ ಎದೆ ಹೊಡೆದುಕೊಳ್ಳುತ್ತದೆ. ಲೋಗೋ ಬಂತು, ಕೆಳಗೆ ಚುಕ್ಕಿಗಳು ಸುತ್ತಿದವು, ವಿಂಡೋಸ್ ಮತ್ತೊಮ್ಮೆ ಆ 48 ಅಂಕಿ ಕೇಳಿತು, ಮಗಳು ಕಳಿಸಿದ್ದ ಮೆಸೇಜ್ ನೋಡಿ ಹೊಡೆದೆ. ಸೆಟಪ್ಪಿನಲ್ಲಿ ಸೀರಿಯಲ್ ನಂಬರ್ ಅಡಿಯ ಸ್ಟಿಕ್ಕರಿಗೆ ಹೊಂದುತ್ತದೆಯಾ ನೋಡಿದೆ, ಹೊಂದಿತು. ತಾರೀಕು ಸರಿ ಮಾಡಿದೆ.

ಶುಕ್ರವಾರ ಸಂಜೆ ರೈಟ್ರು ಬಂದರು. ಹಳೆ ಬ್ಯಾಟರಿ ತೆಗೆದು ಹೊಸದು ಹಾಕಿಸಿಕೊಂಡೇ ಹೋಗಿ ಅಂದೆ, ಒಪ್ಪಿದರು. a.bin ಮತ್ತು fixed.bin ಎರಡನ್ನೂ ಅವರ ಪೆನ್‌ಡ್ರೈವಿಗೆ ಹಾಕಿ, ಆ 48 ಅಂಕಿಗಳನ್ನು ಅವರ ಹಾಜರಿ ಪುಸ್ತಕದ ಕೊನೆಯ ಹಾಳೆಯಲ್ಲಿ ಪೆನ್ನಿನಲ್ಲಿ ಬರೆದುಕೊಟ್ಟೆ.